ಸೋಮನಾಥಪುರದ ಗುಡಿಯೊಳಗೆ ಪರದೆಯ ಮೇಲೆ ನಡೆಯಲು: ಡ್ರೋನ್ ಚಿತ್ರಕ್ಕೂ ಕೈಚಿತ್ರಕ್ಕೂ ಬೆಸುಗೆ ಹಾಕಿದ ಬಗೆ

ಗುಡಿಯನ್ನು ಹೊತ್ತ ಎತ್ತರದ ಕಲ್ಲುಕಟ್ಟೆಯಾದ ಜಗತಿಯ ಮೇಲೆ ನಿಂತವರ ಕಣ್ಣು ಕಲ್ಲುಹಾಸಿನಿಂದ ಹೆಚ್ಚುಕಡಿಮೆ 1.6 ಮೀಟರ್ ಎತ್ತರದಲ್ಲಿರುತ್ತದೆ. ಸೋಮನಾಥಪುರದ ಕೇಶವ ದೇವಾಲಯವನ್ನು ಪರದೆಯ ಮೇಲೆ ಸುತ್ತಾಡುವಂತೆ ಮಾಡುವ ನಮ್ಮ ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ಮೊದಲು ನಿರ್ಧಾರವಾದದ್ದು ಈ ಅಳತೆ. ನೋಡುವವರು ಪ್ರದಕ್ಷಿಣೆ ಬರುತ್ತಾರೆ, ಗೋಡೆಯ ಶಿಲ್ಪಗಳ ಮುಂದೆ ನಿಲ್ಲುತ್ತಾರೆ, ಬಾಗಿಲು ದಾಟಿ ಒಳಗೆ ಹೋಗುತ್ತಾರೆ. ಛಾವಣಿಯ ಮೇಲೆ ಯಾರೂ ನಡೆಯುವುದಿಲ್ಲ. ಹಾಗಾಗಿ ಡ್ರೋನ್ ಇದೆ ಎಂಬ ಉತ್ಸಾಹಕ್ಕೆ ಅಲ್ಲೇ ಕಡಿವಾಣ ಬಿತ್ತು. ಡ್ರೋನಿನ ಪಾಲಿಗೆ ಗೋಪುರಗಳು, ಛಾವಣಿ ಮತ್ತು ಇಡೀ ಕಟ್ಟಡದ ಒಟ್ಟು ಆಕಾರ; ಕೆತ್ತನೆಯೆಲ್ಲ ಕೈಯಲ್ಲಿ ಹಿಡಿದ ಕ್ಯಾಮೆರಾದ ಪಾಲಿಗೆ. ಹಲವು ಚಿತ್ರಗಳಲ್ಲಿ ಕಾಣುವ ಒಂದೇ ಗುರುತುಗಳನ್ನು ಹೊಂದಿಸಿ ತಂತ್ರಾಂಶ ಕಟ್ಟಡದ ಮೂರು ಆಯಾಮದ ಮಾದರಿ ಕಟ್ಟುತ್ತದೆ. ಯೋಜನೆಯ ಮುಕ್ಕಾಲು ತಲೆನೋವು ಈ ಎರಡು ಬಗೆಯ ಚಿತ್ರಗಳನ್ನು ಒಂದೇ ಮಾದರಿಯಲ್ಲಿ ಸೇರಿಸುವುದರಲ್ಲಿತ್ತು.

ಈ ಗುಡಿ 1258ರದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಗರ್ಭಗುಡಿಯೂ ಅದರ ಮೇಲಿನ ಗೋಪುರವೂ ಸೇರಿದ ನಕ್ಷತ್ರಾಕಾರದ ಮೂರು ವಿಮಾನಗಳು, ನಡುವೆ ಮಂಟಪ, ಸುತ್ತಲೂ 64 ಸಣ್ಣ ಗುಡಿಗಳ ಕೈಸಾಲೆ. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಆಕಾಶದ ಅನುಮತಿಯೇ ಬೇರೆ, ಸ್ಮಾರಕದ ಅನುಮತಿಯೇ ಬೇರೆ. ಡ್ರೋನ್ ಹಾರಾಟದ ನಕ್ಷೆಯಲ್ಲಿ ಆ ಪ್ರದೇಶ ಹಾರಾಟಕ್ಕೆ ತೆರೆದ ಹಸಿರು ವಲಯವೆಂದು ಕಂಡರೂ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಟ್ರೈಪಾಡ್‌ಗೂ ಒಪ್ಪಿಗೆ ಬೇಕು. ಕಾಲೇಜಿನ ಪತ್ರದಲ್ಲಿ ಎರಡನ್ನೂ ಸೇರಿಸಿಯೇ ಕೇಳುವುದು ಜಾಣತನ.

ಬೆಸುಗೆ ಏಕೆ ಕಷ್ಟ ಎಂಬುದು ಒಂದು ಸಣ್ಣ ಲೆಕ್ಕದಲ್ಲಿ ತಿಳಿಯುತ್ತದೆ. ಚಿತ್ರದ ಒಂದು ಪಿಕ್ಸೆಲ್ ಕಲ್ಲಿನ ಮೇಲೆ ಎಷ್ಟು ಜಾಗ ಆವರಿಸುತ್ತದೆ ಎಂದು ತಿಳಿಯಲು ಸೆನ್ಸರಿನ ಅಗಲವನ್ನು ದೂರದಿಂದ ಗುಣಿಸಿ, ಲೆನ್ಸಿನ ಫೋಕಲ್ ಉದ್ದ ಮತ್ತು ಚಿತ್ರದ ಅಗಲದ ಪಿಕ್ಸೆಲ್ ಸಂಖ್ಯೆಯ ಗುಣಲಬ್ಧದಿಂದ ಭಾಗಿಸಬೇಕು. ನಮ್ಮ ಡ್ರೋನಿನ ಸೆನ್ಸರ್ 13.2 ಮಿಲಿಮೀಟರ್ ಅಗಲ, ಲೆನ್ಸ್ 8.8 ಮಿಲಿಮೀಟರ್, ಚಿತ್ರದ ಅಗಲ 5472 ಪಿಕ್ಸೆಲ್. 30 ಮೀಟರ್ ದೂರದಿಂದ ಒಂದು ಪಿಕ್ಸೆಲ್ಲಿಗೆ ಸುಮಾರು 8 ಮಿಲಿಮೀಟರ್. ಕೈಯ ಕ್ಯಾಮೆರಾದ ಸೆನ್ಸರ್ 23.5 ಮಿಲಿಮೀಟರ್, ಲೆನ್ಸ್ 24 ಮಿಲಿಮೀಟರ್, ಅಗಲ 6000 ಪಿಕ್ಸೆಲ್. ಒಂದೂವರೆ ಮೀಟರ್ ದೂರದಲ್ಲಿ ನಿಂತರೆ ಪಿಕ್ಸೆಲ್ಲಿಗೆ ಕಾಲು ಮಿಲಿಮೀಟರ್. ಎರಡರ ನಡುವೆ ಮೂವತ್ತು ಪಟ್ಟಿಗೂ ಮಿಕ್ಕ ಅಂತರವಿದೆ. ಒಂದರಲ್ಲಿ ಆನೆಯ ಸೊಂಡಿಲಿನ ಗೆರೆಗಳೂ ಎಣಿಕೆಗೆ ಸಿಗುತ್ತವೆ, ಇನ್ನೊಂದರಲ್ಲಿ ಇಡೀ ಆನೆಸಾಲೇ ಒಂದು ಮಸುಕು ಪಟ್ಟಿ. ಎರಡೂ ಒಂದೇ ಗೋಡೆ ಎಂದು ತಂತ್ರಾಂಶ ಹೇಗೆ ಗುರುತಿಸಬೇಕು?

ಅದಕ್ಕಾಗಿ ಒಂದು ಪಿಕ್ಸೆಲ್ ಆವರಿಸುವ ಜಾಗವನ್ನು ಪ್ರತಿ ಹಂತದಲ್ಲೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತ ಬಂದೆವು. 30 ಮೀಟರ್‌ನಿಂದ ನೇರ ಕೆಳಗೆ ನೋಡುವ ಚಿತ್ರಗಳು; 15 ಮೀಟರ್‌ನಿಂದ ಓರೆಯಾಗಿ ಒಂದು ಸುತ್ತು; ಗೋಡೆಯಿಂದ ಏಳೆಂಟು ಮೀಟರ್ ದೂರದಲ್ಲಿ, ಗೋಡೆಯ ಮೇಲ್ತುದಿಯಲ್ಲಿ ಮುಂಚಾಚಿದ ಛಜ್ಜದ ಎತ್ತರಕ್ಕೆ ಡ್ರೋನ್ ಇಳಿಸಿ ಗೋಡೆಯನ್ನು ನೇರವಾಗಿ ನೋಡುವ ಇನ್ನೊಂದು ಸುತ್ತು. ಆಮೇಲೆ ಅಂಗಳದಲ್ಲಿ ನಿಂತು ಕೈಯ ಕ್ಯಾಮೆರಾದಿಂದ 6 ಮೀಟರ್, ಜಗತಿಯ ಮೇಲೆ 3 ಮೀಟರ್, ಕೊನೆಗೆ ಒಂದೂವರೆ ಮೀಟರ್. ಪಿಕ್ಸೆಲ್ ಅಳತೆ 8, 4, 2, 1, ಅರ್ಧ, ಕಾಲು ಮಿಲಿಮೀಟರ್ ಎಂದು ಇಳಿಯುತ್ತದೆ. ಅಕ್ಕಪಕ್ಕದ ಯಾವ ಎರಡು ಹಂತಗಳ ನಡುವೆಯೂ ಸುಮಾರು ಎರಡು ಪಟ್ಟಿಗಿಂತ ಹೆಚ್ಚು ನೆಗೆತವಿಲ್ಲ.

ಇದರಲ್ಲಿ ಎಲ್ಲರೂ ಕೈಬಿಡುವ ಹಂತವೆಂದರೆ ಛಜ್ಜದ ಎತ್ತರದ ಸುತ್ತು. ಮೇಲಿನಿಂದ ನೋಡುವ ಡ್ರೋನಿಗೆ ಛಜ್ಜದ ಕೆಳಗಿನದೇನೂ ಕಾಣುವುದಿಲ್ಲ. ಕೆಳಗೆ ನಿಂತವರಿಗೆ ಛಜ್ಜದ ಮೇಲಿನದು ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡುವ ಚಿತ್ರ ಸಾಕಷ್ಟಿಲ್ಲದಿದ್ದರೆ ಗೋಪುರ ಒಂದು ತುಂಡು, ಗೋಡೆ ಇನ್ನೊಂದು ತುಂಡು. ಅದಕ್ಕಿಂತ ಕೆಟ್ಟದ್ದು, ಅರೆಬರೆಯಾಗಿ ಸೇರಿಕೊಳ್ಳುವುದು. ಮಾದರಿಯನ್ನು ಎದುರಿನಿಂದ ನೋಡಿದರೆ ಎಲ್ಲ ಸರಿಯಿದೆ ಎನ್ನಿಸುತ್ತದೆ. ಚಿತ್ರಗಳಿಂದ ತಂತ್ರಾಂಶ ಲೆಕ್ಕಹಾಕಿದ ಬಿಂದುಗಳ ಮೋಡವನ್ನು ಸೊಂಟದೆತ್ತರದಲ್ಲಿ ಅಡ್ಡ ಕೊಯ್ದು ಮೇಲಿನಿಂದ ನೋಡಿದಾಗ ಬಣ್ಣ ಬಯಲಾಗುತ್ತದೆ: ಗೋಡೆಯ ಗೆರೆ ಒಂದಿರಬೇಕಾದಲ್ಲಿ ಕೆಲವು ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ. ಈ ಕೊಯ್ತವನ್ನು ಸ್ಥಳದಲ್ಲೇ, ಲ್ಯಾಪ್‌ಟಾಪಿನಲ್ಲಿ ಕಡಿಮೆ ಗುಣಮಟ್ಟದ ಜೋಡಣೆ ಮಾಡಿ ನೋಡಿಯೇ ಹೊರಡುವುದೆಂದು ಯೋಜನೆಯಲ್ಲಿ ಬರೆದಿಟ್ಟಿದ್ದೆವು. ಮನೆಗೆ ಬಂದ ಮೇಲೆ ತಿಳಿದರೆ ಮತ್ತೆ ಅನುಮತಿ ಪತ್ರದಿಂದ ಶುರು.

ನಕ್ಷತ್ರಾಕಾರದ ಗೋಡೆಗೆ ಇನ್ನೊಂದು ಗುಣವಿದೆ. ಪ್ರತಿ ಮೂಲೆಯಲ್ಲೂ ಗೋಡೆಯ ಮುಖ ಥಟ್ಟನೆ ತಿರುಗುತ್ತದೆ. ನೇರ ಗೋಡೆಯ ಮುಂದೆ ಅಡ್ಡಡ್ಡ ನಡೆಯುತ್ತ ಚಿತ್ರ ತೆಗೆದಂತೆ ಇಲ್ಲಿ ತೆಗೆದರೆ, ಮೂಲೆಯ ಆಚೆ ಈಚೆಯ ಚಿತ್ರಗಳಿಗೆ ಸಂಬಂಧವೇ ಇರುವುದಿಲ್ಲ. ಮೂಲೆ ಬಂದಾಗ ಅದನ್ನೇ ಕೇಂದ್ರವಾಗಿಟ್ಟು ಹತ್ತು ಹದಿನೈದು ಡಿಗ್ರಿಗೆ ಒಂದರಂತೆ ಚಿತ್ರ ತೆಗೆಯುತ್ತ ಬಳಸಿ ಹೋಗಬೇಕು. ಶಿಲ್ಪಗಳ ಮೇಲಿನ ಎಲೆಬಳ್ಳಿಯ ತೋರಣವನ್ನು ಹಿಂಬದಿ ಟೊಳ್ಳಾಗುವಷ್ಟು ಆಳವಾಗಿ ಕೊರೆದಿದ್ದಾರೆ. ಎದುರಿನಿಂದ ಮಾತ್ರ ತೆಗೆದರೆ ಅದು ಮಾದರಿಯಲ್ಲಿ ಕರಗಿದ ಬೆಲ್ಲದಂತೆ ಮುದ್ದೆಯಾಗುತ್ತದೆ. ಕಲ್ಲಿನ ಪ್ರತಿ ಬಿಂದುವನ್ನೂ ಕನಿಷ್ಠ ಮೂರು ಚಿತ್ರಗಳು ನೋಡಿರಬೇಕು. ಆದ್ದರಿಂದ ಎಡದಿಂದ, ಬಲದಿಂದ, ಕೆಳಗಿನಿಂದ ಓರೆಯಾಗಿ ಹೆಚ್ಚುವರಿ ಚಿತ್ರಗಳು ಬೇಕು. ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿರುವ ಶಿಲ್ಪಗಳಿಗೆ ಇನ್ನಷ್ಟು ಹತ್ತಿರ ಹೋದೆವು. ಅಕ್ಷರಗಳು ಓದುವಂತಿರಬೇಕೆಂಬುದು ನನ್ನ ಹಠ.

ಮೂರು ವಿಮಾನಗಳು ಒಂದನ್ನೊಂದು ಹೋಲುವುದರಿಂದ ತಂತ್ರಾಂಶ ಉತ್ತರದ್ದನ್ನು ದಕ್ಷಿಣದ್ದೆಂದು ತಿಳಿಯುವ ಅಪಾಯವಿದೆ. ಹತ್ತಿರದ ಚಿತ್ರಗಳಲ್ಲಿ ಈ ಗೊಂದಲ ಕಡಿಮೆ, ಏಕೆಂದರೆ ಉಳಿಯಲ್ಲಿ ಕಡೆದ ಎರಡು ಆನೆಗಳು ತದ್ರೂಪವಾಗಿರುವುದಿಲ್ಲ. ದೂರದ ಚಿತ್ರಗಳಲ್ಲಿ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಪುಣ್ಯಕ್ಕೆ ಡ್ರೋನ್ ಚಿತ್ರಗಳಲ್ಲಿ ಜಿಪಿಎಸ್ ಸ್ಥಾನ ಇರುತ್ತದೆ. ಅದನ್ನು ಆಧಾರವಾಗಿಟ್ಟು ಮೊದಲು ಡ್ರೋನ್ ಚಿತ್ರಗಳನ್ನು ಜೋಡಿಸಿ, ನಂತರ ಕೈಚಿತ್ರಗಳನ್ನು ಒಂದೊಂದೇ ಭಾಗವಾಗಿ ಸೇರಿಸಿದೆವು. ಜಗತಿಯ ನೆಲದ ಮೇಲೆ ಸಂಖ್ಯೆ ಮುದ್ರಿಸಿದ ರಟ್ಟಿನ ಗುರುತುಗಳನ್ನೂ ಇಟ್ಟಿದ್ದೆವು. ಕಲ್ಲಿಗೆ ಅಂಟಿಸುವ ಮಾತೇ ಇಲ್ಲ. ಅವುಗಳ ನಡುವಿನ ದೂರವನ್ನು ಟೇಪಿನಿಂದ ಅಳೆದಿದ್ದರಿಂದ ಮಾದರಿಗೆ ಸರಿಯಾದ ಅಳತೆಯೂ ಸಿಕ್ಕಿತು.

ಬೆಳಕಿನ ವಿಷಯದಲ್ಲಿ ಮೋಡ ಮುಚ್ಚಿದ ದಿನವೇ ಬೇಕು. ಬಿಸಿಲಿನಲ್ಲಿ ತೆಗೆದರೆ ನೆರಳೂ ಕಲ್ಲಿನ ಬಣ್ಣವೆಂದೇ ಅಂಟಿಕೊಳ್ಳುತ್ತದೆ. ಹಾಗೆಂದು ಮಳೆ ನಿಂತ ಕೂಡಲೇ ಹೋಗಬಾರದು. ನೆನೆದ ಬಳಪದ ಕಲ್ಲು ಕಪ್ಪಾಗಿ ಮಿರುಗುತ್ತದೆ, ಅರ್ಧ ಒಣಗಿದ ಗೋಡೆಯಲ್ಲಿ ಎರಡು ಬಣ್ಣ ಬರುತ್ತದೆ.

ಒಳಗೆ ಹೋಗುವಾಗ ಬಾಗಿಲಲ್ಲಿ ಚಿತ್ರಗಳ ಸರಪಳಿ ಕಡಿಯದಂತೆ ಅಂಗಳದಿಂದ ಮಂಟಪದವರೆಗೆ ಅರ್ಧರ್ಧ ಹೆಜ್ಜೆಗೊಂದು ಚಿತ್ರ, ಅಲ್ಲಿಂದ ಮುಂದೆ ಟ್ರೈಪಾಡ್. ಮಂಟಪದ ದುಂಡು ಕಂಬಗಳು ಮಾತ್ರ ಬೇರೆಯದೇ ಸಮಸ್ಯೆ. ಅವುಗಳ ನುಣುಪಿನ ಮೇಲೆ ಬಾಗಿಲ ಬೆಳಕು ಹೊಳೆಯುತ್ತದೆ, ಕ್ಯಾಮೆರಾ ಸರಿದಂತೆ ಹೊಳಪೂ ಸರಿಯುತ್ತದೆ. ಹೊಳಪನ್ನೇ ಕಲ್ಲಿನ ಗುರುತೆಂದು ನಂಬಿದ ತಂತ್ರಾಂಶ ಕಂಬದಲ್ಲಿ ಇಲ್ಲದ ಗುಂಡಿಗಳನ್ನು ತೋಡುತ್ತದೆ. ಪೋಲರೈಸರ್ ಫಿಲ್ಟರಿನಿಂದ ಸ್ವಲ್ಪ ತಗ್ಗಿತೇ ಹೊರತು ಹೋಗಲಿಲ್ಲ. ಕೊನೆಗೆ ನಾವು ಹಿಡಿದ ದಾರಿ ಬೇರೆ. ಈ ಕಂಬಗಳು ತಿರುಗಿಸಿ ಕಡೆದಂಥವು, ಅಂದರೆ ಒಂದು ಬದಿಯ ಅಂಚುರೇಖೆ ಗೊತ್ತಾದರೆ ಕಂಬವೇ ಗೊತ್ತಾದಂತೆ. ಒಳ್ಳೆಯ ಚಿತ್ರದಿಂದ ಆ ರೇಖೆಯನ್ನು ತೆಗೆದು, ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಅಕ್ಷದ ಸುತ್ತ ತಿರುಗಿಸಿ ಕಂಬ ಮಾಡಿ, ಚಿತ್ರಗಳಿಂದಲೇ ಬಣ್ಣ ಹೊದಿಸಿದೆವು. ಕಂಬದ ಸುತ್ತಳತೆಯನ್ನು ಅಲ್ಲೇ ದಾರದಿಂದ ಅಳೆದುಕೊಂಡಿದ್ದರಿಂದ ತಾಳೆ ನೋಡುವುದೂ ಸುಲಭವಾಯಿತು. ಸವೆತ, ಒಡಕು ಇದರಲ್ಲಿ ಆಕಾರವಾಗಿ ಬರುವುದಿಲ್ಲ, ಬಣ್ಣವಾಗಿ ಮಾತ್ರ ಬರುತ್ತವೆ. ಆದ್ದರಿಂದ ಪರದೆಯ ಮೇಲೆ ಆ ಕಂಬಗಳನ್ನು ಮುಟ್ಟಿದರೆ ‘ಅಂಚುರೇಖೆಯಿಂದ ಪುನಾರಚಿಸಿದ್ದು’ ಎಂಬ ಟಿಪ್ಪಣಿ ತೆರೆದುಕೊಳ್ಳುತ್ತದೆ.