ಉದುರದ ಉಲ್ಲನ್ ಗೊಂಡೆ: ಸುತ್ತುವ, ಕಟ್ಟುವ, ಕತ್ತರಿಸುವ ಬಗೆ

ಡಿಸೆಂಬರ್ ಬಂದರೆ ಚಿಕ್ಕಮಗಳೂರಿನ ಮನೆಗಳಲ್ಲಿ ಟ್ರಂಕಿನ ತಳದಿಂದ ಟೋಪಿ, ಕುಲಾವಿ, ಮಫ್ಲರ್‌ಗಳು ಮೇಲೆ ಬರುತ್ತವೆ. ಬೆಳಗಿನ ಮಂಜಿನಲ್ಲಿ ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳ ಟೋಪಿ ನೋಡಿ. ನೆತ್ತಿಯ ಮೇಲೊಂದು ಉಲ್ಲನ್ ಗೊಂಡೆ ಇದ್ದೇ ಇರುತ್ತದೆ. ಹೊಸದರಲ್ಲಿ ದುಂಡಗಿದ್ದ ಅದು ಜನವರಿ ಹೊತ್ತಿಗೆ ಒಂದು ಕಡೆ ಬೋಳಾಗಿರುತ್ತದೆ. ಸ್ವೆಟರಿನ ಮೇಲೆಲ್ಲ ಉದುರಿದ ಎಳೆಗಳು.

ಗೊಂಡೆ ಯಾಕೆ ಉದುರುತ್ತಿದೆ ಎಂದು ತಿಳಿಯಲು ಉದುರಿದ ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಅದು ಅಕ್ಕಿ ಕಾಳಿನಷ್ಟೇ ಚಿಕ್ಕದಾಗಿದ್ದರೆ ಕತ್ತರಿಸುವಾಗ ಒಳಗೆ ಸಿಕ್ಕಿಕೊಂಡ ಚೂರು. ಚಿಂತೆ ಬೇಡ, ಚೆನ್ನಾಗಿ ಒದರಿದರೆ ನಿಲ್ಲುತ್ತದೆ. ಕೂದಲಿನಷ್ಟು ತೆಳ್ಳಗಿನ ನೂಲಾದರೆ ಉಲ್ಲನ್ನೇ ಸಡಿಲ ಹುರಿಯದ್ದು, ಅದಕ್ಕೆ ನಾವು ಮಾಡುವಂಥದ್ದು ಜಾಸ್ತಿ ಇಲ್ಲ. ಎಳೆ ನಾಲ್ಕೈದು ಸೆಂಟಿಮೀಟರ್ ಉದ್ದವಿದ್ದು, ನಟ್ಟನಡುವೆ ಮಡಿಚಿದ ಗುರುತಿದ್ದರೆ ಮಾತ್ರ ಅದು ನಿಜವಾದ ಉದುರುವಿಕೆ. ಇಡೀ ಎಳೆ ಗಂಟಿನಿಂದ ಜಾರಿ ಹೊರಗೆ ಬಂದಿದೆ ಎಂದರ್ಥ.

ಎಳೆ ಜಾರುವುದೇಕೆ? ಗೊಂಡೆಯೊಳಗೆ ಯಾವ ಎಳೆಗೂ ಅದರದೇ ಆದ ಗಂಟು ಇರುವುದಿಲ್ಲ. ಇನ್ನೂರು ಎಳೆಗಳ ಕಟ್ಟಿಗೆ ಸೊಂಟದಲ್ಲಿ ಒಂದೇ ಒಂದು ದಾರ. ಅಂಚಿನ ಎಳೆಗಳಿಗೆ ದಾರ ನೇರವಾಗಿ ತಾಗುತ್ತದೆ. ನಡುವಿನ ಎಳೆಗಳಿಗೆ ದಾರ ತಾಗುವುದೇ ಇಲ್ಲ. ಅಕ್ಕಪಕ್ಕದ ಎಳೆಗಳು ಒತ್ತಿ ಹಿಡಿದಿರುವುದರಿಂದಷ್ಟೇ ಅವು ನಿಂತಿರುತ್ತವೆ. ಎಳೆ ಕಡಿಮೆಯಾದರೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ನಡುವಿನವು ಜಾರುತ್ತವೆ. ಹಾಗಾಗಿ ತುಂಬಿಕೊಂಡ ಗೊಂಡೆ ಬೇರೆ, ಉದುರದ ಗೊಂಡೆ ಬೇರೆ ಅಲ್ಲ. ಚೆಂದಕ್ಕೆ ಒತ್ತಾಗಿ ಸುತ್ತಿದರೆ ಗಟ್ಟಿಯೂ ಆಗುತ್ತದೆ.

ಬಳೆಯ ಲೆಕ್ಕ

ಕೈಬೆರಳಿಗೆ, ಇಲ್ಲವೇ ಫೋರ್ಕಿಗೆ ಸುತ್ತಿ ಮಾಡುವ ಗೊಂಡೆ ಐದು ನಿಮಿಷದ ಕೆಲಸ, ನಿಜ. ಆದರೆ ಎಳೆಗಳೆಲ್ಲ ಒಂದೇ ಸಾಲಿನಲ್ಲಿ ಕೂರುವುದರಿಂದ ಕಟ್ಟಿದ ಮೇಲೆ ಎರಡು ಕಡೆ ಚಪ್ಪಟೆಯಾಗುತ್ತದೆ. ಉಡುಗೊರೆ ಪೊಟ್ಟಣಕ್ಕೆ ಅದು ನಡೆದೀತು. ದಿನಾ ಹಾಕುವ ಟೋಪಿಗೆ ರಟ್ಟಿನ ಬಳೆಯೇ ಸರಿ. ಅದರಲ್ಲಿ ಎಳೆಗಳು ಸುತ್ತಲೂ ಸಮನಾಗಿ ಹರಡುತ್ತವೆ.

ನೋಟ್‌ಬುಕ್ಕಿನ ಗಟ್ಟಿ ರಟ್ಟು ಅಥವಾ ಹಳೆಯ ಲಗ್ನಪತ್ರಿಕೆ ಸಾಕು. ಒಂದೇ ಅಳತೆಯ ಎರಡು ಬಳೆ ಕತ್ತರಿಸಿ. ಅಳತೆಗೆ ಒಂದು ಸುಲಭ ಲೆಕ್ಕವಿದೆ. ಬಳೆಯ ಹೊರ ಅಗಲದಿಂದ ತೂತಿನ ಅಗಲ ಕಳೆಯಿರಿ. ಉಳಿದದ್ದೇ ನಿಮ್ಮ ಗೊಂಡೆಯ ಕೊನೆಯ ಅಳತೆ, ಹೆಚ್ಚುಕಮ್ಮಿ. ಮಗುವಿನ ಟೋಪಿಗೆ 5 ಸೆಂಟಿಮೀಟರ್ ಗೊಂಡೆ ಬೇಕು ಎಂದುಕೊಳ್ಳೋಣ. ಹೊರ ಅಗಲ ಏಳೂವರೆ, ತೂತು ಎರಡೂವರೆ. ಕಳೆದರೆ ಐದು.

ಈ ಲೆಕ್ಕ ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ಮುಂದೆ ಕತ್ತರಿ ಹಿಡಿಯುವಾಗ ಅನುಕೂಲ. ಮೊದಲು ಸುತ್ತಿದ ಎಳೆ ರಟ್ಟಿಗೆ ಅಂಟಿಕೊಂಡು ಕೂರುತ್ತದೆ, ಹಾಗಾಗಿ ಅದೇ ಎಲ್ಲಕ್ಕಿಂತ ಗಿಡ್ಡ. ಕೊನೆಯಲ್ಲಿ ಸುತ್ತಿದ್ದು ಕೆಳಗಿನ ಪದರಗಳನ್ನೆಲ್ಲ ದಾಟಿ ತೂತಿನ ನಡುವಿನವರೆಗೂ ಹೋಗಿ ಬರಬೇಕು. ಅದು ಎಲ್ಲಕ್ಕಿಂತ ಉದ್ದ. ಒಂದೇ ಗೊಂಡೆಯಲ್ಲಿ ಎರಡೂವರೆ ಸೆಂಟಿಮೀಟರಿನ ತುದಿಯೂ ಇರುತ್ತದೆ, ನಾಲ್ಕರ ಹತ್ತಿರ ಬರುವ ತುದಿಯೂ ಇರುತ್ತದೆ. ಹೊರಗೆ ಚಾಚಿಕೊಂಡ ಉದ್ದದ ತುದಿಗಳು ಕಡಿಮೆ, ಅದಕ್ಕೇ ಬಿಚ್ಚಿದ ಕೂಡಲೇ ಗೊಂಡೆ ಕೆದರಿದಂತೆ ಕಾಣುತ್ತದೆ. ಗಿಡ್ಡ ಎಳೆಗಳ ಮಟ್ಟಕ್ಕೆ ಎಲ್ಲವನ್ನೂ ಇಳಿಸಿದಾಗ ಮಾತ್ರ ಎಲ್ಲ ತುದಿಗಳೂ ಒಂದೇ ಮೈಗೆ ಬರುತ್ತವೆ.

ಸುತ್ತುವುದು

ಎರಡೂ ಬಳೆಗಳನ್ನು ಒಂದರ ಮೇಲೊಂದು ಇಟ್ಟು ಸುತ್ತಲು ಶುರು ಮಾಡಿ. ಉಂಡೆ ತೂತಿನಲ್ಲಿ ಹೋಗುವುದಿಲ್ಲ. ಉಲ್ಲನ್ನನ್ನು ಎರಡೆರಡು ಮೀಟರಿನ ತುಂಡು ಮಾಡಿಕೊಳ್ಳಿ. ಬೇಗ ಮುಗಿಯಬೇಕಾದರೆ ಎರಡು ಮೂರು ಎಳೆ ಒಟ್ಟಿಗೆ ಹಿಡಿಯಬಹುದು. ತುಂಡು ಮುಗಿದರೆ ಗಂಟು ಹಾಕಬೇಡಿ. ಬಾಲವನ್ನು ಹೊರ ಅಂಚಿನ ಹತ್ತಿರ ಬಿಟ್ಟು ಹೊಸ ತುಂಡು ಅಲ್ಲಿಂದಲೇ ಶುರು ಮಾಡಿ. ಬಾಲ ಹೇಗೂ ಕತ್ತರಿಗೆ ಸಿಗುತ್ತದೆ.

ಒಂದು ಪದರ ಪೂರ್ತಿ ಸುತ್ತು ಬಂದ ಮೇಲೆಯೇ ಇನ್ನೊಂದು. ಒಂದೇ ಕಡೆ ಗುಡ್ಡೆ ಹಾಕಿದರೆ ಗೊಂಡೆಯ ಆ ಭಾಗ ದಪ್ಪವಾಗಿ ಉಳಿದದ್ದು ಸೊರಗುತ್ತದೆ. ಕತ್ತರಿಯಿಂದ ಅದನ್ನು ಸರಿಮಾಡಲು ಆಗುವುದಿಲ್ಲ. ಬಳೆ ಬಗ್ಗುವಷ್ಟು ಎಳೆಯಲೂಬಾರದು. ಬಿಗಿದು ಸುತ್ತಿದ ಎಳೆ ಬಿಚ್ಚಿದ ಕೂಡಲೇ ಕುಗ್ಗಿ ಗಿಡ್ಡವಾಗುತ್ತದೆ, ನಮ್ಮ ಲೆಕ್ಕ ತಪ್ಪುತ್ತದೆ.

ಎಲ್ಲಿಗೆ ನಿಲ್ಲಿಸಬೇಕು? ಬಹಳ ಮಂದಿ ತೂತು ಅರ್ಧ ತುಂಬಿದಾಗಲೇ ಸಾಕೆನ್ನುತ್ತಾರೆ. ಬೋಳು ಗೊಂಡೆಗೆ ಅದೇ ಮೊದಲ ಕಾರಣ. ತೂತಿನಲ್ಲಿ ಕಿರುಬೆರಳು ತೂರದಂತಾದ ಮೇಲೆ ಉಲ್ಲನ್ ಸೂಜಿ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಕಾಫಿ ಚೀಲ ಹೊಲಿಯುವ ದಬ್ಬಣವಾದೀತು. ಅದರ ಚೂಪು ತುದಿ ಎಳೆಗಳನ್ನು ಸೀಳುತ್ತದೆ, ಆದ್ದರಿಂದ ಕಣ್ಣಿನ ಕಡೆಯನ್ನೇ ಮುಂದೆ ಮಾಡಿ ತೂರಿಸಿ. ಸೂಜಿಯೂ ತಡವರಿಸತೊಡಗಿದಾಗ ನಿಲ್ಲಿಸಿ. ಮಾಮೂಲಿ ಸ್ವೆಟರ್ ಉಲ್ಲನ್ ಆದರೆ ಈ ಅಳತೆಗೆ ಇನ್ನೂರರ ಆಸುಪಾಸು ಸುತ್ತು ಹಿಡಿಯುತ್ತದೆ. ಹದಿನೈದು ಮೀಟರ್ ಎತ್ತಿಟ್ಟುಕೊಂಡರೆ ಸಾಲುತ್ತದೆ. ಉಲ್ಲನ್ ತೆಳುವಾದಷ್ಟೂ ಸುತ್ತು ಜಾಸ್ತಿ ಬೇಕು.

ಕಟ್ಟುವುದು

ಗೊಂಡೆಯನ್ನು ಅದೇ ಉಲ್ಲನ್ನಿನಿಂದ ಕಟ್ಟಬೇಡಿ. ಉಲ್ಲನ್ ಹಿಗ್ಗುತ್ತದೆ, ಜೋರಾಗಿ ಎಳೆದರೆ ಪಟ್ಟನೆ ಕಿತ್ತುಬರುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ಮೇಣ ಹಚ್ಚಿದ ದಾರ ಎಲ್ಲಕ್ಕಿಂತ ಒಳ್ಳೆಯದು. ಚೀಲ ಹೊಲಿಯುವ ದಾರಕ್ಕೆ ಒಂದು ಚೂರು ಜೇನುಮೇಣ ಉಜ್ಜಿದರೂ ಅಷ್ಟೇ ಚೆನ್ನಾಗಿರುತ್ತದೆ. ಮೇಣವಿದ್ದರೆ ಹಾಕಿದ ಗಂಟು ಹಿಂದಕ್ಕೆ ಸರಿಯುವುದಿಲ್ಲ. ಮೀನಿನ ಗಾಳದ ನೈಲಾನ್ ದಾರ ಗಟ್ಟಿಯೇನೋ ಹೌದು, ಆದರೆ ಗಂಟು ಜಾರುತ್ತದೆ. ಅರ್ಧ ಮೀಟರಿಗಿಂತ ಸ್ವಲ್ಪ ಉದ್ದದ ದಾರ ಮೊದಲೇ ಕತ್ತರಿಸಿ ಪಕ್ಕದಲ್ಲಿಟ್ಟುಕೊಳ್ಳಿ.

ಈಗ ಬಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಎಡಗೈಯಿಂದ ನಡುವನ್ನು ಅದುಮಿ ಹಿಡಿಯಿರಿ. ಎರಡು ರಟ್ಟುಗಳ ನಡುವೆ ಕತ್ತರಿಯ ತುದಿ ತೂರಿಸಿ ಹೊರ ಅಂಚಿನ ಸುತ್ತ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ಈ ಹೊತ್ತಿನಲ್ಲಿ ಎಳೆಗಳನ್ನು ಹಿಡಿದಿರುವುದು ನಿಮ್ಮ ಕೈ ಮಾತ್ರ. ಎತ್ತಿ ನೋಡುವ ಆಸೆಯಾದರೂ ಎತ್ತಬೇಡಿ.

ಪೂರ್ತಿ ಸುತ್ತು ಬಂದ ಮೇಲೆ ರಟ್ಟುಗಳನ್ನು ಕೂದಲೆಳೆಯಷ್ಟು ಅಗಲಿಸಿ ನಡುವೆ ದಾರ ಇಳಿಸಿ. ಗಂಟು ಹಾಕುವಾಗ ಒಂದರ ಬದಲು ಎರಡು ಸಲ ತಿರುಚಿ ಎಳೆಯಿರಿ. ಎರಡು ತಿರುಚು ಇದ್ದರೆ ಕೈ ಸಡಿಲಿಸಿದರೂ ಬಿಗಿ ಬಿಡುವುದಿಲ್ಲ. ಚೆನ್ನಾಗಿ ಎಳೆದ ಮೇಲೆ ದಾರದ ಎರಡೂ ತುದಿಗಳನ್ನು ಎದುರು ಬದಿಗೆ ತಂದು ಅಲ್ಲಿ ಮತ್ತೆ ಹಾಗೆಯೇ ಬಿಗಿಯಿರಿ. ಮೊದಲ ಗಂಟಿನಲ್ಲಿ ಬಿಗಿ ಒಂದು ಪಕ್ಕಕ್ಕೇ ಜಾಸ್ತಿ ಬಿದ್ದಿರುತ್ತದೆ, ಎರಡನೆಯದು ಸುತ್ತಲೂ ಹಂಚುತ್ತದೆ. ಆಮೇಲೆ ಮಾಮೂಲಿ ಗಂಟು. ಬಾಲಗಳನ್ನು ಮಾತ್ರ ಕತ್ತರಿಸಬೇಡಿ. ಟೋಪಿಗೆ ಕಟ್ಟಲು ಅವೇ ಬೇಕು. ರಟ್ಟನ್ನು ಹರಿದು ತೆಗೆಯಿರಿ.

ಇಲ್ಲೊಂದು ಪರೀಕ್ಷೆ ಮಾಡಿ. ಗೊಂಡೆಯ ನೆತ್ತಿಯಲ್ಲಿ, ಅಂದರೆ ಕಟ್ಟಿದ ಸೊಂಟದಿಂದ ದೂರದ ತುದಿಯಲ್ಲಿ, ನಾಲ್ಕೈದು ಎಳೆ ಹಿಡಿದು ಎಳೆಯಿರಿ. ಕೊನೆಗೆ ಸುತ್ತಿದ, ದಾರ ತಾಗದ ಎಳೆಗಳು ಅಲ್ಲಿಯೇ ಇರುತ್ತವೆ. ಅವು ಬರದಿದ್ದರೆ ಬೇರೆ ಯಾವುದೂ ಬರುವುದಿಲ್ಲ. ಜಾರಿದರೆ ಈಗಲೇ ಸೊಂಟದಲ್ಲಿ ಎಳೆಗಳನ್ನು ಬೈತಲೆಯಂತೆ ಬಿಡಿಸಿ, ಹಳೆಯ ದಾರದ ಮೇಲೆಯೇ ಇನ್ನೊಂದು ದಾರ ಬಿಗಿಯಿರಿ. ಹಳೆಯ ಗೊಂಡೆಗೂ ಇದೇ ರಿಪೇರಿ. ಎಳೆ ತೀರಾ ಕಡಿಮೆ ಉಳಿದಿದ್ದರೆ ಮಾತ್ರ ಹೊಸದು ಮಾಡುವುದೇ ವಾಸಿ. ಕೆಲವರು ನಡುವೆ ಗೋಂದು ಹಾಕುತ್ತಾರೆ. ಒಗೆದರೆ ಬಿಡುತ್ತದೆ, ಒಣಗಿದರೆ ಚುಚ್ಚುತ್ತದೆ. ನನಗಂತೂ ಇಷ್ಟವಿಲ್ಲ.

ಕತ್ತರಿ ಹಿಡಿಯುವ ಮುನ್ನ

ತಕ್ಷಣ ಕತ್ತರಿಸಬೇಡಿ. ಸುತ್ತಿದ್ದರಿಂದ ಎಳೆಗಳು ಇನ್ನೂ ಬಾಗಿಕೊಂಡೇ ಇರುತ್ತವೆ. ಈಗ ಸಮ ಮಾಡಿದರೆ ನಾಳೆ ನೆಟ್ಟಗಾದಾಗ ಮತ್ತೆ ಏರುಪೇರು. ಅಂಗೈಗಳ ನಡುವೆ ಉರುಳಿಸಿ, ಬಾಲ ಹಿಡಿದು ಜೋರಾಗಿ ಒದರಿ. ಉಣ್ಣೆಯದಾದರೆ ಕುದಿಯುವ ನೀರಿನ ಹಬೆಗೆ ಸ್ವಲ್ಪ ಹೊತ್ತು ಹಿಡಿಯಬಹುದು, ಚೆನ್ನಾಗಿ ಅರಳುತ್ತದೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಬಹಳಷ್ಟು ಅಕ್ರಿಲಿಕ್. ಅದಕ್ಕೆ ಹಬೆ ದೂರದಿಂದ, ಒಂದೆರಡು ಕ್ಷಣ ಸಾಕು. ಜಾಸ್ತಿ ಬಿಸಿಯಾದರೆ ಎಳೆ ಜೋತುಬೀಳುತ್ತದೆ, ಮತ್ತೆ ಏಳುವುದಿಲ್ಲ.

ಇನ್ನು 5 ಸೆಂಟಿಮೀಟರ್ ಅಗಲದ ಎರಡು ರಟ್ಟಿನ ಬಿಲ್ಲೆ ಕತ್ತರಿಸಿಕೊಳ್ಳಿ. ಗೊಂಡೆಯ ಎರಡು ನೆತ್ತಿಗಳ ಮೇಲೆ ಒಂದೊಂದು ಬಿಲ್ಲೆ ಇಟ್ಟು ಹೆಬ್ಬೆರಳು, ತೋರುಬೆರಳಿನಿಂದ ಅದುಮಿ. ಬಾಲಗಳನ್ನು ಬೆರಳಿಗೆ ಸುತ್ತಿಕೊಂಡು ಕತ್ತರಿಯಿಂದ ದೂರವಿಡಿ. ಬಿಲ್ಲೆಯ ಅಂಚಿನಾಚೆ ಇಣುಕುವ ಎಳೆಗಳನ್ನು ಸುತ್ತಲೂ ಕತ್ತರಿಸಿ. ಬಿಲ್ಲೆಗಳನ್ನು ಅಡ್ಡಕ್ಕೆ ತಿರುಗಿಸಿ ಮತ್ತೊಮ್ಮೆ. ಈಗ ಎರಡು ದುಂಡು ಪಟ್ಟಿಗಳು ಸಿಗುತ್ತವೆ, ನಡುವೆ ಮೂಲೆಗಳು ಉಳಿದಿರುತ್ತವೆ. ಬಿಲ್ಲೆ ಬದಿಗಿಟ್ಟು ಆ ಮೂಲೆಗಳನ್ನು ಪಟ್ಟಿಯ ಮಟ್ಟಕ್ಕೆ ಇಳಿಸಿ.

ಕತ್ತರಿಯ ಅಲಗು ಗೊಂಡೆಯ ಮೈಗೆ ಸವರಿದಂತಿರಲಿ, ತುದಿ ಒಳಗೆ ಚುಚ್ಚದಿರಲಿ. ಒಂದು ಕಡೆ ಒಂದೇ ಸಲ ಕತ್ತರಿ ಹಾಕಿ, ಗೊಂಡೆಯನ್ನು ಸ್ವಲ್ಪ ತಿರುಗಿಸಿ. ಒಂದೇ ಕಡೆ ಕೂತು ಕತ್ತರಿಸಿದರೆ ಗುಂಡಿ ಬೀಳುತ್ತದೆ, ಗುಂಡಿ ಮುಚ್ಚಲು ಹೋದರೆ ಇಡೀ ಗೊಂಡೆ ನಿಂಬೆಹಣ್ಣಿನ ಗಾತ್ರಕ್ಕೆ ಬರುತ್ತದೆ. ನಡುನಡುವೆ ಒದರುತ್ತಿರಿ. ಚೂರುಗಳೂ ಉದುರುತ್ತವೆ, ಅಡಗಿದ್ದ ಉದ್ದ ಎಳೆಗಳೂ ಎದ್ದು ನಿಲ್ಲುತ್ತವೆ. ಹಳೆಯ ಕಪ್ಪು ಬಟ್ಟೆಯೊಂದರ ಮೇಲೆ ಒದರಿದರೆ ಬಿದ್ದದ್ದು ಏನು ಎಂದು ಅಲ್ಲೇ ಗೊತ್ತಾಗುತ್ತದೆ. ಬರೀ ಚೂರು ಬೀಳುತ್ತಿದ್ದರೆ ಸರಿ. ಮಡಿಚಿದ ಗುರುತಿನ ಎಳೆ ಕಂಡರೆ ಮತ್ತೆ ದಾರ ಬಿಗಿಯಿರಿ.

ಟೋಪಿಗೆ ಸೇರಿಸುವಾಗ ಎರಡು ಬಾಲಗಳನ್ನೂ ನೆತ್ತಿಯಲ್ಲಿ ಸ್ವಲ್ಪ ದೂರ ದೂರ ಒಳಕ್ಕೆ ಇಳಿಸಿ, ಒಳಗಡೆ ಒಂದು ಚಪ್ಪಟೆ ಗುಂಡಿಯ ತೂತುಗಳಲ್ಲಿ ಹಾಯಿಸಿ ಕಟ್ಟಿ. ಎಳೆತವೆಲ್ಲ ಗುಂಡಿಯ ಮೇಲೆ ಬೀಳುವುದರಿಂದ ಹೆಣಿಗೆ ಹಿಗ್ಗುವುದಿಲ್ಲ. ಒಗೆಯುವಾಗ ಬಿಚ್ಚಿ ಗೊಂಡೆಯನ್ನು ಬೇರೆಯಾಗಿ ಅದ್ದಿ ತೆಗೆಯಬಹುದು. ಹಿಂಡದೆ, ಟವೆಲಿನಲ್ಲಿ ಒತ್ತಿ, ಗಾಳಿಯಾಡುವ ಕಡೆ ಒಣಗಿಸಿ. ಏನು ಸಿಕ್ಕರೂ ಬಾಯಿಗೆ ಹಾಕುವ ಕೂಸಿನ ಕುಲಾವಿಗೆ ಮಾತ್ರ ಗೊಂಡೆ ಬೇಡವೇ ಬೇಡ, ಎಷ್ಟೇ ಬಿಗಿಯಾಗಿ ಕಟ್ಟಿದ್ದರೂ.