ಬಡ್ತಿ ಕೇಳೋಕೆ ಎರಡು ಸಲ ಹೋದೆ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನನ್ನದು ಅಕೌಂಟ್ಸ್ ಕೆಲಸ. ಮೊದಲ ಸಲ ಏಪ್ರಿಲ್‌ನಲ್ಲಿ ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಆರು ವರ್ಷ ಆಯ್ತು, ದಿನಾ ರಾತ್ರಿ ಎಂಟರವರೆಗೆ ಕೂತ್ಕೋತೀನಿ, ಸೀನಿಯರ್ ಮಾಡಿ" ಅಂದೆ. "ನೋಡೋಣಮ್ಮ" ಅಂದರು. ಅಷ್ಟೇ. ಆ ವರ್ಷದ ಸಂಬಳದ ಲೆಕ್ಕ ಮಾರ್ಚ್‌ಗೆ ಮುಂಚೆಯೇ ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು. ಮೇಲಾಗಿ, ನಾನು ಹೇಳಿದ್ದೆಲ್ಲ ನನ್ನ ಕಷ್ಟ. ಅದನ್ನು ಹಿಡಿದುಕೊಂಡು ಅವರು ಮಾಲೀಕರ ಮುಂದೆ ಏನಂತ ಹೇಳಬೇಕು?

ಸೀನಿಯರ್ ಮಾಡುವ ಕೆಲಸದಲ್ಲಿ ಒಂದನ್ನು ಮೊದಲೇ ಮಾಡಿ ತೋರಿಸೋಣ ಅಂದುಕೊಂಡೆ. ನಮ್ಮಲ್ಲಿ ಯಾರೂ ಸರಿಯಾಗಿ ಕೈ ಹಾಕದೆ ಬಿಟ್ಟಿದ್ದು ಜಿಎಸ್‌ಟಿ ತಾಳೆ, ಅಂದರೆ ನಾವು ಕೊಂಡ ಸರಕಿನ ಬಿಲ್‌ಗಳೆಲ್ಲ ಜಿಎಸ್‌ಟಿ ಪಟ್ಟಿಯಲ್ಲಿ ಬಂದಿವೆಯಾ ಅಂತ ನೋಡೋದು. ನಮಗೆ ಸರಕು ಕೊಡುವವರು 11ನೇ ತಾರೀಕಿನೊಳಗೆ ತಮ್ಮ ರಿಟರ್ನ್ ಹಾಕದಿದ್ದರೆ ಅವರ ಬಿಲ್ 14ಕ್ಕೆ ಬರುವ ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಇರುವುದಿಲ್ಲ, ಆ ಬಿಲ್‌ನಲ್ಲಿ ಕೊಟ್ಟ ತೆರಿಗೆಯನ್ನು ನಮ್ಮ ಲೆಕ್ಕದಲ್ಲಿ ಕಳೆದುಕೊಳ್ಳೋಕೆ ಆಗಲ್ಲ, ಆ ತಿಂಗಳು ಅಷ್ಟು ತೆರಿಗೆ ನಾವೇ ಕೈಯಿಂದ ಕಟ್ಟಬೇಕು. ಜೂನ್‌ನಲ್ಲಿ ಹೀಗೆ 38 ಬಿಲ್, ಸುಮಾರು 2 ಲಕ್ಷ ರೂಪಾಯಿ ಸಿಕ್ಕಿಹಾಕಿಕೊಂಡಿತ್ತು. ನಮ್ಮ ಆಫೀಸಿನವರು 14 ಆದಮೇಲೆ ಅವರಿಗೆ ಫೋನ್ ಮಾಡುತ್ತಿದ್ದರು, ಆಗ ಮಾಡಿ ಏನು ಪ್ರಯೋಜನ ಹೇಳಿ. ನಾನು 7ಕ್ಕೇ ತಡ ಮಾಡುವವರಿಗೆಲ್ಲ ಅವರ ಬಿಲ್ ಪಟ್ಟಿ ಕಳಿಸಲು ಶುರು ಮಾಡಿದೆ. ನವೆಂಬರ್ ಹೊತ್ತಿಗೆ ಉಳಿದಿದ್ದು 5 ಬಿಲ್.

ಡಿಸೆಂಬರ್‌ನಲ್ಲಿ ಅರ್ಧ ಗಂಟೆ ಸಮಯ ಕೇಳಿ, ಒಂದೇ ಒಂದು ಹಾಳೆ ಹಿಡಿದು ಹೋದೆ. ಅದರಲ್ಲಿ ತಿಂಗಳು, ಬಾಕಿ ಬಿಲ್, ಬಾಕಿ ತೆರಿಗೆ ಅಂತ ಮೂರು ಕಾಲಮ್ಮು. ಕೆಳಗೆ ಒಂದು ಸಾಲು: "ಸೀನಿಯರ್ ಅಕೌಂಟೆಂಟ್ ಹುದ್ದೆ, ಏಪ್ರಿಲ್‌ನಿಂದ." ಮಾಲೀಕರಿಗೆ ಅವರು ಹಾಗೇ ಕಳಿಸುವಂತಿರಲಿ ಅಂತ ನನ್ನ ಹೊಗಳಿಕೆ ಒಂದಕ್ಷರ ಬರೆಯಲಿಲ್ಲ.

"ಇಷ್ಟೂ ನೀನೇ ಮಾಡಿದ್ದಾ?" ಅಂದರು. ಇಲ್ಲ, 9 ಬಿಲ್ ಒಂದೇ ಕಂಪನಿಯದು, ಅವರು ಹೊಸ ಅಕೌಂಟೆಂಟ್ ಇಟ್ಟುಕೊಂಡಿದ್ದರಿಂದ ಸರಿಹೋಯ್ತು ಅಂದೆ. ಹೇಳುವಾಗ ಎದೆ ಹೊಡ್ಕೋತಿತ್ತು ನಿಜ. ಆದರೆ ಅಲ್ಲಿಂದ ಮುಂದೆ ಅವರು ಉಳಿದ ಅಂಕಿಗಳನ್ನು ಪ್ರಶ್ನೆ ಮಾಡಲೇ ಇಲ್ಲ.

ನಿಜವಾದ ಅಡ್ಡಿ ಬೇರೆಯೇ ಇತ್ತು. "ನೀನು ಮೇಲೆ ಹೋದರೆ ಬಿಲ್ ಎಂಟ್ರಿ ಯಾರು ಮಾಡ್ತಾರೆ?" ಒಳ್ಳೆ ಕೆಲಸ ಮಾಡುವವರು ಇದ್ದಲ್ಲೇ ಉಳಿಯೋದು ಸುಮಾರು ಸಲ ಇದೇ ಕಾರಣಕ್ಕೆ. ಪುಣ್ಯಕ್ಕೆ ಸೆಪ್ಟೆಂಬರ್‌ನಿಂದ ಜೂನಿಯರ್ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೆ. ನವೆಂಬರ್ ಎಂಟ್ರಿ ಪೂರ್ತಿ ಅವನದೇ, ತಪ್ಪು ಸಿಕ್ಕಿದ್ದು ಎರಡು. ಆ ಫೈಲನ್ನೂ ತೋರಿಸಿದೆ.

ಏಪ್ರಿಲ್‌ನಲ್ಲಿ ಹುದ್ದೆ ಬಂತು, ಸಂಬಳ ಕೇಳಿದ್ದಕ್ಕಿಂತ ಕಡಿಮೆ. ಅದರ ಬಗ್ಗೆ ಅಕ್ಟೋಬರ್‌ನಲ್ಲಿ ಮತ್ತೆ ಕೂತು ಮಾತಾಡೋದು ಅಂತ ಅವತ್ತೇ ಮೇಲ್‌ನಲ್ಲಿ ಬರೆಸಿಕೊಂಡೆ.