ಡ್ರೈಯರ್ ತಗೊಳ್ಳೋದಾ ಬೇಡ್ವಾ: ಬೆಲೆ ಏರಿಕೆ ಸೇರಿಸಿ ನಾನು ಹಾಕಿದ ಲೆಕ್ಕ

ಸಕಲೇಶಪುರದ ಸುತ್ತಮುತ್ತ ಕೆಲವು ಕಾಫಿ ತೋಟಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಒಬ್ಬ ಯಜಮಾನರು ಕಾಫಿ ಒಣಗಿಸುವ ಡ್ರೈಯರ್ ತರಬೇಕೆಂದಿದ್ದರು. ಬೆಲೆ 10 ಲಕ್ಷ, ಐದು ವರ್ಷ ಬಾಳಿಕೆ. ಕಣದಲ್ಲಿ ಕಾಫಿ ಹರವಿ, ಕೈಯಾಡಿಸಿ, ಸಂಜೆ ಮುಚ್ಚುವ ಆಳುಗಳ ಕೂಲಿಯಲ್ಲಿ ಇವತ್ತಿನ ದರದಲ್ಲಿ ವರ್ಷಕ್ಕೆ 2.5 ಲಕ್ಷ ಉಳಿಯುತ್ತದೆ. ಬ್ಯಾಂಕ್ ಸಾಲದ ಬಡ್ಡಿ 11%.

ಅವರ ಮಗ ಮೊದಲೇ ಒಂದು ಲೆಕ್ಕ ಹಾಕಿದ್ದ. ಐದೂ ವರ್ಷಕ್ಕೆ 2.5 ಲಕ್ಷ ಅಂತಲೇ ಬರೆದು, 11%ರಲ್ಲಿ ಇವತ್ತಿನ ಬೆಲೆಗೆ ಇಳಿಸಿದ್ದ, ಅಂದರೆ ಎಷ್ಟನೇ ವರ್ಷದ ಹಣವೋ ಅಷ್ಟು ಸಲ 1.11ರಿಂದ ಭಾಗಿಸಿದ್ದ. ಒಟ್ಟು 9.24 ಲಕ್ಷ ಬಂತು. ಹಾಕುವ ಹಣ 10 ಲಕ್ಷ. ಅಂದರೆ 76 ಸಾವಿರ ನಷ್ಟ, ಬೇಡ ಅಂತ ತೀರ್ಮಾನ. ಡ್ರೈಯರ್ ಮಾರುವವರು ಕೊಟ್ಟ ಹಾಳೆಯಲ್ಲಿ ಮಾತ್ರ 2.25 ಲಕ್ಷ ಲಾಭ! ಅವರು ಕೂಲಿಯನ್ನು ವರ್ಷಕ್ಕೆ 5% ಏರಿಸಿದ್ದರು, ಬಡ್ಡಿಯಿಂದ ಮಾತ್ರ ಹಣದುಬ್ಬರವನ್ನು ಕಳೆದುಬಿಟ್ಟಿದ್ದರು.

ಎರಡರಲ್ಲೂ ಕೂಡು-ಗುಣಾಕಾರ ಸರಿ ಇದೆ. ತೊಂದರೆ ಇರೋದು ಜೋಡಿಯಲ್ಲಿ. ಬ್ಯಾಂಕ್ ಕೇಳುವ 11%ನಲ್ಲಿ ಮುಂದೆ ರೂಪಾಯಿ ಬೆಲೆ ಕಳೆದುಕೊಳ್ಳುತ್ತದೆ ಅನ್ನುವುದು ಆಗಲೇ ಸೇರಿದೆ. ಹಾಗಾಗಿ ಆ ದರದ ಜೊತೆ ಆಯಾ ವರ್ಷ ಕೈಗೆ ನಿಜವಾಗಿ ಬರುವ ರೂಪಾಯಿಯನ್ನೇ ಇಡಬೇಕು. ಇದನ್ನು ನಾಮಿನಲ್ ಲೆಕ್ಕ ಅನ್ನುತ್ತಾರೆ. ಎಲ್ಲವನ್ನೂ ಇವತ್ತಿನ ದರದಲ್ಲೇ ಬರೆಯುವುದಾದರೆ ಅದು ರಿಯಲ್ ಲೆಕ್ಕ. ಅಲ್ಲಿ ಬಡ್ಡಿಯಿಂದಲೂ ಹಣದುಬ್ಬರವನ್ನು ತೆಗೆಯಬೇಕು. ಮಗ ತೆಗೆಯಲಿಲ್ಲ. ಮಾರುವವರು ತೆಗೆದರು, ಆದರೆ ಕೂಲಿಯಲ್ಲಿ ಹಾಗೇ ಬಿಟ್ಟರು.

ನಾನು ಎರಡೂ ದಾರಿಯಲ್ಲಿ ಮಾಡಿದೆ. ಹಣದುಬ್ಬರ 5% ಅಂತ ಇಟ್ಟುಕೊಂಡೆ. ರಿಸರ್ವ್ ಬ್ಯಾಂಕಿನ ಗುರಿ 4%, ಅದರ ಮೇಲಿನ ಮಿತಿ 6%. ಮೊದಲಿಗೆ ಕೂಲಿಯೂ ಅಷ್ಟೇ ಏರುತ್ತದೆ ಅಂದುಕೊಂಡೆ. ನಾಮಿನಲ್‌ನಲ್ಲಿ ಮೊದಲ ವರ್ಷದ ಉಳಿತಾಯ 2.625 ಲಕ್ಷ, ಐದನೇ ವರ್ಷ 3.19 ಲಕ್ಷ. 11%ರಲ್ಲಿ ಇಳಿಸಿದರೆ ಒಟ್ಟು 10.61 ಲಕ್ಷ. ರಿಯಲ್‌ಗೆ ದರ ಹೀಗೆ ಸಿಗುತ್ತದೆ:

```
1.11 / 1.05 - 1 = 0.0571
```

ಪ್ರತಿ ವರ್ಷದ 2.5 ಲಕ್ಷವನ್ನು ಈ 5.71%ರಲ್ಲಿ ಇಳಿಸಿದರೂ ಅದೇ 10.61 ಲಕ್ಷ. ಲಾಭ 61 ಸಾವಿರ. ಸುಮ್ನೆ 11ರಲ್ಲಿ 5 ಕಳೆದು 6% ಹಾಕಿದರೆ ಲಾಭ 53 ಸಾವಿರಕ್ಕೆ ಇಳಿಯುತ್ತದೆ. ಅಷ್ಟು ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ಆಗ ಎರಡು ದಾರಿಯ ಉತ್ತರ ಹೊಂದುವುದಿಲ್ಲ. ಹೊಂದುವುದೇ ನನಗೆ ಪರೀಕ್ಷೆ. ಎರಡು ಉತ್ತರ ಬೇರೆ ಬಂದರೆ ಎಲ್ಲೋ ಜೋಡಿ ತಪ್ಪಿದೆ ಅಂತ ಗೊತ್ತಾಗುತ್ತದೆ.

"ಕೂಲಿ 5% ಎಲ್ಲಿ ಸಾರ್, ಅದಕ್ಕಿಂತ ಜಾಸ್ತಿ ಏರ್ತಿದೆ," ಅಂದರು ಯಜಮಾನರು. ಮಾತು ಸರಿ. ಅವರ ಹಳೆಯ ಬಟವಾಡೆ ಪುಸ್ತಕ ತೆಗೆಸಿ ನೋಡಿ, ಕೂಲಿಗೆ ಬೇರೆಯಾಗಿ 8% ಹಾಕಿದೆ. ಲಾಭ 1.52 ಲಕ್ಷಕ್ಕೆ ಹೋಯಿತು. ಇಲ್ಲಿ ರಿಯಲ್ ಲೆಕ್ಕದವರು ಎಡವುವುದು ಹೆಚ್ಚು. ಇವತ್ತಿನ ದರ ಅಂದ ತಕ್ಷಣ ಐದೂ ವರ್ಷ ಒಂದೇ ಅಂಕಿ ಬರೆಯುತ್ತಾರೆ. ಕೂಲಿ ಉಳಿದ ಬೆಲೆಗಳಿಗಿಂತ ಬೇಗ ಏರುತ್ತಿದ್ದರೆ ರಿಯಲ್‌ನಲ್ಲೂ ಅದು ಏರಲೇಬೇಕು. ಈ ಲೆಕ್ಕದಲ್ಲಿ 1.08ನ್ನು 1.05ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 2.86%.

ಇದಕ್ಕೆ ಉಲ್ಟಾ ಇನ್ನೊಂದು ಬಾಬ್ತು ಇತ್ತು. ಡ್ರೈಯರ್ ಬಂದರೆ ಕಣದ ಅರ್ಧ ಭಾಗ ಖಾಲಿ. ಪಕ್ಕದ ತೋಟದವರು ಅದನ್ನು ವರ್ಷಕ್ಕೆ 50 ಸಾವಿರದಂತೆ ಐದು ವರ್ಷಕ್ಕೆ ಕೇಳಿದ್ದರು. ಬಾಡಿಗೆ ಏರಿಸುವ ಮಾತಿಲ್ಲ. ಇದು ಆಯಾ ವರ್ಷದ ರೂಪಾಯಿ. 11%ರಲ್ಲಿ ಇಳಿಸಿದರೆ 1.85 ಲಕ್ಷ ಬಾಳುತ್ತದೆ. ಅದನ್ನೇ ನೇರವಾಗಿ 5.71%ರಲ್ಲಿ ಇಳಿಸಿದರೆ 2.12 ಲಕ್ಷ ಅಂತ ತೋರಿಸುತ್ತದೆ, 27 ಸಾವಿರ ಸುಳ್ಳು ಲಾಭ. ರಿಯಲ್‌ನಲ್ಲೇ ಮಾಡಬೇಕಿದ್ದರೆ ಮೊದಲು ಪ್ರತಿ ವರ್ಷದ 50 ಸಾವಿರವನ್ನು ಹಣದುಬ್ಬರದಿಂದ ಇಳಿಸಬೇಕು. ಐದನೇ ವರ್ಷದ ಬಾಡಿಗೆ ಇವತ್ತಿನ ಸುಮಾರು 39 ಸಾವಿರಕ್ಕೆ ಸಮ.

ಬಾಡಿಗೆ, ಸಾಲದ ಕಂತು ಇಂಥವೆಲ್ಲ ಕರಾರಿನಲ್ಲಿ ರೂಪಾಯಿಯಲ್ಲೇ ನಿಂತುಬಿಡುವುದರಿಂದ ನಾನು ಅಂತಿಮ ಹಾಳೆಯನ್ನು ನಾಮಿನಲ್‌ನಲ್ಲೇ ಮಾಡುತ್ತೇನೆ. ಪ್ರತಿ ಅಂಕಿಗೂ ಒಂದೇ ಪ್ರಶ್ನೆ: ಆ ವರ್ಷ ಕ್ಯಾಷ್ ಪುಸ್ತಕದಲ್ಲಿ ಇದೇ ಮೊತ್ತ ಬರೆಯುತ್ತೇವಾ? ಇಲ್ಲ ಅಂದರೆ ಅದು ಇವತ್ತಿನ ದರದಲ್ಲಿದೆ, ಏರಿಸಬೇಕು.

ಕಾಫಿ ಬೆಲೆಗೆ ಮಾತ್ರ ಈ 5% ಏರಿಕೆ ಹಾಕುವುದಿಲ್ಲ. ರೊಬಸ್ಟಾ ಲಂಡನ್ ಪೇಟೆ ನೋಡುತ್ತದೆ, ಅರೇಬಿಕಾ ನ್ಯೂಯಾರ್ಕ್ ಪೇಟೆ ನೋಡುತ್ತದೆ. ಅಲ್ಲಿ ನಮ್ಮ ಹಣದುಬ್ಬರದ ಅಳತೆ ನಡೆಯುವುದಿಲ್ಲ. ಈ ಡ್ರೈಯರ್ ಲೆಕ್ಕದಲ್ಲಿ ಕಾಫಿ ಬೆಲೆ ಬೇಕಾಗಿರಲಿಲ್ಲ, ಕೂಲಿ ಮತ್ತು ಬಾಡಿಗೆಯೇ ಸಾಕಾಯಿತು. ಯಜಮಾನರು ಹಾಳೆ ತೆಗೆದುಕೊಂಡು ಹೋಗಿ ಸಾಲದ ಅರ್ಜಿ ಹಾಕಿದರು.